ಖಾಲಿ ಬಿಟ್ಟ ಒಂದು ಗಂಟೆ

ಚನ್ನಪಟ್ಟಣದ ಗೊಂಬೆ ಕೆಲಸಗಾರರ ಸಾಕ್ಷ್ಯಚಿತ್ರಕ್ಕೆ ನಮಗಿದ್ದದ್ದು ಎರಡೇ ದಿನ. ಐವರು ಹಂಚಿಕೊಂಡ ಶೆಡ್ಡು. ಲೇತ್‌ಗಳ ಸದ್ದು ನಿಲ್ಲುವುದು ಊಟಕ್ಕೆ, ಒಂದರಿಂದ ಎರಡರವರೆಗೆ. ಗೊಂಬೆಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ‘ಸ್ವಲ್ಪ ನಿಲ್ಲಿಸಿ’ ಎನ್ನಲು ಬಾಯಿ ಬರಲಿಲ್ಲ. ಹಿರಿಯರೊಬ್ಬರ ಸಂದರ್ಶನವನ್ನು ಮೊದಲ ದಿನದ ಆ ಗಂಟೆಗೇ ಇಟ್ಟು, ಎರಡನೇ ದಿನದ ಅದೇ ಗಂಟೆಯನ್ನು ಖಾಲಿ ಬಿಟ್ಟಿದ್ದೆ.

ಅವರು ಬರಲಿಲ್ಲ, ಫೋನೂ ಎತ್ತಲಿಲ್ಲ. ಖಾಲಿ ಶೆಡ್ಡಿನ ಮೌನವನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿಕೊಂಡೆವು. ಸಂಕಲನದಲ್ಲಿ ಮಾತಿನ ನಡುವಿನ ಬಿರುಕು ಮುಚ್ಚಲು ಅದು ಬೇಕು. ಲೇತ್ ಶುರುವಾದ ಮೇಲೆ, ತಿರುಗುವ ಮರದ ಬಿಸಿಗೆ ಅರಗು ಕರಗಿ ಹತ್ತುವುದನ್ನು ಚಿತ್ರೀಕರಿಸಿದೆವು.

ಮರುದಿನ ಒಂದೂವರೆಗೆ ಬಂದರು. “ನಿನ್ನೆ ಮೊಮ್ಮಗಳಿಗೆ ಜ್ವರ ಕಣಪ್ಪ.” ಉಳಿದದ್ದು ಅರ್ಧ ಗಂಟೆ. ಕೊನೆಗೆಂದು ಬರೆದುಕೊಂಡಿದ್ದ ಪ್ರಶ್ನೆಯನ್ನೇ ಮೊದಲು ಕೇಳಿದೆ: ಮಕ್ಕಳು ಯಾಕೆ ಈ ಕೆಲಸಕ್ಕೆ ಬರಲಿಲ್ಲ? ಬಹಳ ಹೊತ್ತು ಸುಮ್ಮನಿದ್ದು ಮಾತು ತೆಗೆದರು. ಮುಗಿಯುವ ಮುನ್ನವೇ ಮೂಲೆಯ ಲೇತ್ ತಿರುಗತೊಡಗಿತು.