ಜ್ಞಾಪನ ತಿದ್ದುವ ಚಟ

ಕೆಲವರಿಗೆ ಊಟವಾದ ಮೇಲೆ ಎಲೆಅಡಿಕೆ ಬೇಕು, ನನಗೆ ಯಾರೋ ಬರೆದ ಜ್ಞಾಪನದ ಕರಡು ಮತ್ತು ಒಂದು ಪೆನ್ಸಿಲ್ ಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕು ಸೇರಿ ಪಾಂಡವಪುರ ಉಪವಿಭಾಗ. ಅದರೊಳಗೇ ಸುತ್ತಾಡಿ ನಿವೃತ್ತನಾದ ಶಿರಸ್ತೇದಾರ ನಾನು. ನನ್ನ ಚಟಕ್ಕೆ ಸರಕು ಒಂದು ದಿನವೂ ತಪ್ಪಲಿಲ್ಲ.

ಒಮ್ಮೆ ಪೌತಿ ಖಾತೆಯ ಬಗ್ಗೆ ಒಂದು ಕರಡು ಬಂತು: 'ಬಾಕಿ ಪ್ರಕರಣಗಳನ್ನು ಕೂಡಲೇ ವಿಲೇ ಮಾಡತಕ್ಕದ್ದು. ತಪ್ಪಿದಲ್ಲಿ ನಿಮ್ಮನ್ನೇ ಹೊಣೆಗಾರರನ್ನಾಗಿಸಿ ಶಿಸ್ತುಕ್ರಮ ಜರುಗಿಸಲಾಗುವುದು.' ಗುಡುಗು ಜೋರಾಗಿತ್ತು, ಮಳೆ ಮಾತ್ರ ಎಲ್ಲಿ ಸುರಿಯಬೇಕೋ ತಿಳಿಯದು. ಕೂಡಲೇ ಎಂದರೆ ಯಾವತ್ತು? ಅಲ್ಲೇ ನಿಂತಿದ್ದ ಗ್ರಾಮ ಲೆಕ್ಕಿಗ ಓದಿ ನಕ್ಕ. "ಸಾರ್, ತಿರಸ್ಕಾರ ಮಾಡಿದ್ರೂ ವಿಲೇನೇ ಅಲ್ವಾ?"

ಅವನು ಹೇಳಿದ್ದು ದಿಟ. ಹೆದರಿಸಿದರೆ ಪಟ್ಟಿ ಖಾಲಿಯಾಗುತ್ತದೆ, ಸತ್ತವರ ಹೆಸರು ಪಹಣಿಯಲ್ಲೇ ಉಳಿಯುತ್ತದೆ. ಹಾಗಾಗಿ ಮೊದಲು ಬಾಕಿಯನ್ನು ಮೂರು ಪಾಲು ಮಾಡಿದೆ. ತಕರಾರಿಲ್ಲದ್ದು, ಕಾಗದ ಸಾಲದ್ದು, ವಾರಸುದಾರರು ಜಗಳಾಡುತ್ತಿರುವುದು. ಮೂರನೆಯದರಲ್ಲಿ ತೀರ್ಮಾನ ಹೇಳುವ ಅಧಿಕಾರವೇ ಲೆಕ್ಕಿಗನಿಗಿಲ್ಲ, ಅದಕ್ಕೆ ಅವನನ್ನು ಗದರಿಸಿ ಏನು ಪ್ರಯೋಜನ? ಆಮೇಲೆ ಬರೆದೆ:

'ಮೊದಲು ತಕರಾರಿಲ್ಲದ ಪ್ರಕರಣಗಳನ್ನು ಎತ್ತಿಕೊಳ್ಳಿ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಇರುವ ಕಡತಗಳನ್ನು ಮಹಾಲಯ ಅಮಾವಾಸ್ಯೆ ಕಳೆದ ಸೋಮವಾರ ಕಂದಾಯ ನಿರೀಕ್ಷಕರಿಗೆ ಕೊಡಿ. ಕಾಗದ ಸಾಲದಿದ್ದರೆ ಯಾವುದು ಸಾಲದು ಎಂದು ಅರ್ಜಿದಾರರಿಗೆ ಬರೆದು ತಿಳಿಸಿ, ಅದಕ್ಕಾಗಿಯೇ ತಿರಸ್ಕರಿಸಬೇಡಿ. ತಕರಾರಿನವನ್ನು ನನ್ನ ಮೇಜಿಗೆ ಕಳಿಸಿ.'

ಮಹಾಲಯ ಅಮಾವಾಸ್ಯೆಯನ್ನು ಸುಮ್ಮನೆ ತಂದದ್ದಲ್ಲ. ಹಿರಿಯರ ಹಬ್ಬಕ್ಕೆ ಬೆಂಗಳೂರು ಸೇರಿದ ಮಕ್ಕಳೂ ಊರಿಗೆ ಬರುತ್ತಾರೆ. ಎಡೆ ಇಟ್ಟ ಮನೆಯಲ್ಲೇ ಅಣ್ಣತಮ್ಮಂದಿರು, ಅಕ್ಕತಂಗಿಯರ ಸಹಿ ಒಟ್ಟಿಗೆ ಸಿಗುವ ದಿನಗಳು ಅವು. ಬೇರೆ ತಿಂಗಳಾದರೆ ಒಂದೊಂದು ಸಹಿಗೂ ಬಸ್ಸು ಹತ್ತಬೇಕು. ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷ ಅದೇ ಹಬ್ಬದಲ್ಲಿ ಸಿಕ್ಕಿಬೀಳುವುದೂ ಉಂಟು.

ಶಿಸ್ತುಕ್ರಮದ ಸಾಲು ತೆಗೆದದ್ದಕ್ಕೆ ಮೇಲಿನವರು ಹುಬ್ಬೇರಿಸಿದರು. ಇವರೆಲ್ಲ ಸಲಿಗೆ ತೆಗೆದುಕೊಳ್ಳುತ್ತಾರೆ ಎಂಬ ಭಯ. ಮೆದು ಮಾಡುವುದೆಂದರೆ 'ಸಾಧ್ಯವಾದರೆ', 'ಬಿಡುವಾದಾಗ' ಎಂದು ಸೇರಿಸುವುದು ಅಂದುಕೊಂಡಿದ್ದರು. ಅದು ಗದರಿಕೆಗಿಂತ ಕೆಟ್ಟದ್ದು. ಕೆಲಸ ಆಗಬೇಕೋ ಬೇಡವೋ ಎಂಬುದನ್ನೇ ಕೈಕೆಳಗಿನವನ ತಲೆಗೆ ಕಟ್ಟುತ್ತದೆ. ದಿನ, ಕಡತ, ಕೊಡಬೇಕಾದ ಕೈ ಇಷ್ಟನ್ನು ಹೇಳಿದ ಮೇಲೆ ಗದರಿಕೆಗೆ ಜಾಗವೇ ಉಳಿಯುವುದಿಲ್ಲ. ಕಡೆಗೆ ಸಹಿ ಬಿತ್ತು.

ಕಾರಣ ಕೇಳುವ ನೋಟಿಸನ್ನು ಮಾತ್ರ ನಾನು ಸವರಲು ಹೋಗುವುದಿಲ್ಲ. ಯಾವ ತಪ್ಪು, ಯಾವ ದಿನದ್ದು, ಉತ್ತರಕ್ಕೆ ಎಷ್ಟು ಕಾಲ ಎಂಬುದು ಅಲ್ಲಿ ಬಿಗಿಯಾಗಿಯೇ ಇರಬೇಕು. ನಯದ ಮಾತಿನಲ್ಲಿ ಆರೋಪ ಮಸುಕಾದರೆ ಬಡಪಾಯಿ ಯಾವುದಕ್ಕೆ ಉತ್ತರ ಬರೆಯಬೇಕು?