ಗಂಟೆಗೊಮ್ಮೆ ನೋಡಿದ ಬೆಲೆ

ನೆವಾರ್ಕಿಗೆ ಬಂದ ಹೊಸತರಲ್ಲಿ ನನಗೊಂದು ಚಟ ಹತ್ತಿತ್ತು. ನ್ಯೂಯಾರ್ಕಿನ ಷೇರುಪೇಟೆ ತೆರೆಯುವಾಗ ನಮಗಿಲ್ಲಿ ಬೆಳಗಿನ 6.30, ಮುಚ್ಚುವಾಗ ಮಧ್ಯಾಹ್ನ 1. ಅಷ್ಟರೊಳಗೆ ಗಂಟೆಗೊಮ್ಮೆ ಬೆಲೆ ನೋಡದಿದ್ದರೆ ಕೋಡ್ ಬರೆಯೋಕೆ ಕೈಯೇ ಓಡುತ್ತಿರಲಿಲ್ಲ! ನನ್ನ ಹತ್ತಿರ ಇದ್ದದ್ದಾದರೂ ಎಷ್ಟು? ಎಸ್ ಅಂಡ್ ಪಿ 500 ಸೂಚ್ಯಂಕವನ್ನೇ ಹಿಂಬಾಲಿಸುವ ಇಟಿಎಫ್‌ನ 40 ಯೂನಿಟ್. ಒಂದಕ್ಕೆ 325 ಡಾಲರಿನಂತೆ ಕೊಂಡಿದ್ದೆ.

2020ರ ಮಾರ್ಚ್ 16, ಸೋಮವಾರ. ಕೊರೋನಾ ಭಯಕ್ಕೆ ಪೇಟೆ ತೆರೆದ ಕೂಡಲೇ ಶೇಕಡಾ 7ಕ್ಕೂ ಹೆಚ್ಚು ಬಿತ್ತು. ನಿಯಮದಂತೆ 15 ನಿಮಿಷ ವ್ಯಾಪಾರ ನಿಲ್ಲಿಸಿದರು. ಆ 15 ನಿಮಿಷ ನಾನು ಫೋನನ್ನೇ ನೋಡುತ್ತಾ ಕೂತಿದ್ದೆ. ಮತ್ತೆ ಶುರುವಾದ ಮೇಲೆ 245ಕ್ಕೆ ಅಷ್ಟನ್ನೂ ಮಾರಿಬಿಟ್ಟೆ. 3,200 ಡಾಲರ್ ನಷ್ಟ. 'ಸದ್ಯ, ಬಚಾವಾದೆ' ಅಂದುಕೊಂಡೆ.

ಬಚಾವು ಎಲ್ಲಿಂದ ಬಂತು? ಏಪ್ರಿಲ್ 6ಕ್ಕೆ ಬೆಲೆ ಏರುತ್ತಿದೆ ಅಂತ ಅದೇ 40 ಯೂನಿಟ್ಟನ್ನು 265ಕ್ಕೆ ವಾಪಸ್ ಕೊಂಡೆ. ಅಂದ್ರೆ 800 ಡಾಲರ್ ದಂಡ.

ಮುಂದಿನ ವರ್ಷ ಟ್ಯಾಕ್ಸ್ ತುಂಬುವಾಗ ಇನ್ನೊಂದು ಪಾಠ ಕಾದಿತ್ತು. ಪಕ್ಕದ ಅಪಾರ್ಟ್‌ಮೆಂಟಿನ ಮೈಸೂರಿನ ಅಂಕಲ್ ಕಾಗದ ನೋಡಿ, "ಏನಪ್ಪಾ, 30 ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ?" ಅಂದರು. ನಷ್ಟಕ್ಕೆ ಮಾರಿ 30 ದಿನದೊಳಗೆ ಅದನ್ನೇ ಕೊಂಡರೆ ಅದು 'ವಾಷ್ ಸೇಲ್'. ಆ ನಷ್ಟವನ್ನು ಆ ವರ್ಷದ ತೆರಿಗೆಯಲ್ಲಿ ಕಳೆಯುವ ಹಾಗಿಲ್ಲ. ನಷ್ಟ ಪೂರ್ತಿ ಮಾಯವಾಗೋದಿಲ್ಲ, ಹೊಸ ಯೂನಿಟ್ಟಿನ ಲೆಕ್ಕಕ್ಕೆ ಸೇರುತ್ತೆ. ನನ್ನದು ಒಂದಕ್ಕೆ 265 ಕೂಡಿಸು 80, ಒಟ್ಟು 345 ಡಾಲರಿಗೆ ಕೊಂಡಂತೆ ಆಯ್ತು. ಮುಂದೆಂದೋ ಮಾರಿದಾಗಲೇ ಅದರ ಪ್ರಯೋಜನ.

ಇಷ್ಟಕ್ಕೂ ಆ ಸೂಚ್ಯಂಕ ಫೆಬ್ರವರಿ 19ರ ಶಿಖರದಿಂದ ಮಾರ್ಚ್ 23ರ ಹೊತ್ತಿಗೆ ಸುಮಾರು ಶೇಕಡಾ 34 ಬಿದ್ದು, ಆಗಸ್ಟ್ 18ಕ್ಕೆ ಆ ಶಿಖರವನ್ನೇ ದಾಟಿತ್ತು. ಸುಮ್ಮನೆ ನಿದ್ದೆ ಮಾಡಿದ್ದರೂ ಸಾಕಿತ್ತು ನೋಡಿ! ಪ್ರತಿ ಸಲವೂ ಐದೇ ತಿಂಗಳಲ್ಲಿ ಏಳುತ್ತೆ ಅಂತೇನಿಲ್ಲ. 2007ರ ಅಕ್ಟೋಬರಿನ ಮಟ್ಟಕ್ಕೆ ಅದು ಮರಳಿದ್ದು 2013ರಲ್ಲಿ. ಅದಕ್ಕೇ ಮನೆ ಬಾಡಿಗೆಯ ದುಡ್ಡು ಅಲ್ಲಿ ಇರಬಾರದು.

ಅಂಕಲ್ ಹೇಳಿದ ಮದ್ದು ಸರಳವಾಗಿತ್ತು. ತಿಂಗಳ ಉಳಿತಾಯವನ್ನು ಇಂಡೆಕ್ಸ್ ಮ್ಯೂಚುವಲ್ ಫಂಡಿಗೆ ಹಾಕು ಅಂದರು. ಅದರ ಬೆಲೆ ಲೆಕ್ಕವಾಗೋದು ದಿನಕ್ಕೆ ಒಂದೇ ಸಲ, ಪೇಟೆ ಮುಚ್ಚಿದ ಮೇಲೆ. ಬೆಳಗ್ಗೆ ಹತ್ತಕ್ಕೆ ನೋಡಿದರೂ ನಿನ್ನೆಯದೇ ಬೆಲೆ. ಮೊದಮೊದಲು ಕೈ ತುರಿಸುತ್ತಿತ್ತು. ಆಮೇಲೆ ದಿನಕ್ಕೊಮ್ಮೆ, ವಾರಕ್ಕೊಮ್ಮೆ, ಈಗ ಸಂಬಳದ ದಿನ ಮಾತ್ರ.

ನಮ್ಮೂರಿನ ಅಂಚಿನಲ್ಲಿ ಉಪ್ಪಿನ ಕೆರೆಗಳಿವೆ. ಕೊಲ್ಲಿಯ ನೀರು ಕೆರೆಯಿಂದ ಕೆರೆಗೆ ಸಾಗಿ, ಬಿಸಿಲು ಗಾಳಿಗೆ ಇಂಗಿ ಉಪ್ಪಾಗೋಕೆ ಸುಮಾರು ಐದು ವರ್ಷ ಬೇಕಂತೆ. ಈಗ ಮಧ್ಯಾಹ್ನ ಆ ಕಡೆ ವಾಕಿಂಗ್ ಹೋಗ್ತೀನಿ, ಫೋನು ಮನೆಯಲ್ಲೇ ಬಿಟ್ಟು.