ಗೊತ್ತಿಲ್ಲದೋರ ಹತ್ರ ದುಡ್ಡು ಕೇಳೋಕೆ ಹೋಗಿ ನಮ್ಮ ಪರಿಚಯ ಬರೆದ ಕಥೆ

ಗಾಣದ ವಿಷಯ ಏನಾಯ್ತು ಅಂತ ಸಂತೇಲಿ ಸಿಕ್ಕೋರೆಲ್ಲ ಕೇಳ್ತಾ ಇದ್ದೀರ. ಗಾಣಕ್ಕಿಂತ ಮುಂಚೆ ಒಂದು ಪುಟ ಬರೆಯೋದ್ರಲ್ಲೇ ನಮಗೆ ಹದಿನೈದು ದಿನ ಹೋಯ್ತು. ಇವತ್ತು ಅದನ್ನೇ ಹೇಳ್ತೀನಿ. ನಿಮ್ಮಲ್ಲೂ ಎರಡು ಮೂರು ಗುಂಪು ಇದೇ ದಾರಿ ಯೋಚನೆ ಮಾಡ್ತಿದ್ದೀರ ಅಂತ ಕೇಳಿದ್ದೀನಿ.

ನಾವು ನಾಲ್ಕು ಜನ. ನಾನು, ನಮ್ಮ ಅತ್ತಿಗೆ, ಪಕ್ಕದ ಹೊಲದ ತಮ್ಮ, ಬೆಂಗಳೂರಲ್ಲಿರೋ ನನ್ನ ತಂಗಿ ಮಗ. ಮೂರು ವರ್ಷದಿಂದ ನಮ್ಮ ಕಡ್ಲೆ ಬೀಜಾನ ಬೇರೆ ಊರಿನ ಮರದ ಗಾಣದಲ್ಲಿ ಬಾಡಿಗೆ ಕೊಟ್ಟು ಆಡಿಸಿ ಎಣ್ಣೆ ಮಾರ್ತಿದ್ವಿ. ಸ್ವಂತ ಗಾಣ, ಮೋಟಾರು, ಶೆಡ್ಡು ಎಲ್ಲಾ ಸೇರಿ 4,80,000 ರೂಪಾಯಿ ಬೇಕು. ಕ್ರೌಡ್‌ಫಂಡಿಂಗ್ ಮಾಡೋಣ ಅಂದ ಅಳಿಯ. ಅಂದ್ರೆ ನೆಟ್ಟಲ್ಲಿ ನಮ್ಮ ಕೆಲಸದ ವಿವರ ಹಾಕೋದು, ನೋಡಿದೋರು ತಮ್ಮ ಕೈಲಾದಷ್ಟು ಕೊಡೋದು. 2,000 ರೂಪಾಯಿ ಕೊಟ್ಟೋರಿಗೆ ಗಾಣ ಶುರುವಾದ ಮೇಲೆ 5 ಲೀಟರ್ ಎಣ್ಣೆ ಕಳಿಸ್ತೀವಿ ಅಂತ ಇಟ್ಟುಕೊಂಡ್ವಿ.

ಅದರಲ್ಲಿ 'ತಂಡದ ಪರಿಚಯ' ಅಂತ ಒಂದು ಜಾಗ ಇರುತ್ತೆ. ಅಳಿಯ ಅರ್ಧ ಗಂಟೇಲಿ ಬರೆದು ಹಾಕಿದ. ನಾನು 'ಸಂಸ್ಥಾಪಕರು, ಕೃಷಿಯಲ್ಲಿ 30 ವರ್ಷಗಳ ಅಪಾರ ಅನುಭವ'. ಅತ್ತಿಗೆ 'ಮಹಿಳಾ ಸಬಲೀಕರಣದ ಹರಿಕಾರರು'. ತಮ್ಮ 'ಉತ್ಪಾದನಾ ಮುಖ್ಯಸ್ಥರು'. ಫೋಟೋಗೆ ಮದುವೇಲಿ ಪೇಟ ಸುತ್ತಿಕೊಂಡಿದ್ದು. ಕೆಳಗೆ 'ಸಲಹೆಗಾರರು' ಅಂತ, ನಮಗೆ ಒಂದು ದಿನ ತರಬೇತಿ ಕೊಟ್ಟಿದ್ದ ವಿಜ್ಞಾನಿಯೊಬ್ಬರ ಹೆಸರು.

ಮೊದಲ ವಾರ 31,000 ರೂಪಾಯಿ ಬಂತು. ಕೊಟ್ಟೋರೆಲ್ಲ ನೆಂಟರು, ಅಳಿಯನ ಆಫೀಸಿನ ಹುಡುಗರು. ಗೊತ್ತಿಲ್ಲದೋರು ಒಬ್ಬರೂ ಇಲ್ಲ. ಆ ವಿಜ್ಞಾನಿ ಫೋನ್ ಮಾಡಿ, 'ಯಜಮಾನ್ರೇ, ನನ್ನನ್ನ ಒಂದು ಮಾತು ಕೇಳಬೇಕಿತ್ತು, ಯಾರೋ ನನಗೆ ಫೋನ್ ಮಾಡಿ ದುಡ್ಡಿಗೆ ನೀವು ಜವಾಬ್ದಾರಿನಾ ಅಂತಾರೆ' ಅಂದ್ರು. ತಲೆ ತಗ್ಗಿಸಿ ಹೆಸರು ತೆಗೆಸಿದೆ. ಒಪ್ಪಿಗೆ ಇಲ್ಲದೆ ದೊಡ್ಡೋರ ಹೆಸರು ಹಾಕೋದು ಬೇರೆಯವರ ಹೊಲದ ಫೋಟೋ ತೋರಿಸಿ ಸಾಲ ತಗೊಂಡ ಹಂಗೆ.

ಕಣ್ಣು ತೆರೆಸಿದ್ದು ಮೈಸೂರಿನ ಒಬ್ಬ ಅಮ್ಮ. ಅವರು ಬರೆದು ಕೇಳಿದ್ದು ಎರಡೇ ಪ್ರಶ್ನೆ. 'ಹಣ ಯಾರ ಕೈಯಲ್ಲಿ ಇರುತ್ತೆ? ಗಾಣ ದಿನಾ ಯಾರು ನಡೆಸ್ತಾರೆ?' ನಮ್ಮ ಪುಟ ತಿರುವಿ ಹಾಕಿದೆ. ಎರಡಕ್ಕೂ ಉತ್ತರ ಇಲ್ಲ. ಅಪಾರ ಅನುಭವ ಮಾತ್ರ ಇದೆ! ಊರಲ್ಲಾದ್ರೆ ನಮ್ಮನ್ನ ನಂಬೋಕೆ ಜನಕ್ಕೆ ಪುಟ ಬೇಡ. ನಮ್ಮಪ್ಪ ಯಾರು, ಯಾರ ಸಾಲ ತೀರಿಸಿದ್ದೀವಿ, ಯಾರ ಹತ್ರ ಜಗಳ, ಎಲ್ಲಾ ಗೊತ್ತು. ಮೈಸೂರಿನ ಅಮ್ಮನಿಗೆ ಅದ್ಯಾವುದೂ ಗೊತ್ತಿಲ್ಲ. ಹೊಗಳಿಕೆ ಓದಿ ಅವರಿಗೇನೂ ಸಿಗಲ್ಲ, ಯಾಕಂದ್ರೆ ಮೋಸ ಮಾಡೋನೂ ಅದನ್ನೇ ಬರೀತಾನೆ. ಅವರು ತಾವೇ ಪರೀಕ್ಷೆ ಮಾಡಿ ನೋಡೋಕೆ ಆಗುವಂಥದ್ದು ಏನಾದ್ರೂ ಅಲ್ಲಿರಬೇಕು.

ಆವತ್ತು ರಾತ್ರಿ ಅತ್ತಿಗೆ ಮನೇಲಿ ಕೂತು ಮತ್ತೆ ಬರೆದ್ವಿ. ತಮ್ಮನದು ಮೊದಲು, ಅವನದೇ ಸುಲಭ. ಹಿಂಗೆ ಬಂತು: 'ಮೂರು ವರ್ಷದಿಂದ ಗಾಣ ಆಡಿಸೋದು ಇವರೇ. ಒಂದು ಸಲಕ್ಕೆ 15 ಕೆಜಿ ಬೀಜ, ಸುಮಾರು 6 ಲೀಟರ್ ಎಣ್ಣೆ. ಹೋದ ವರ್ಷ 38 ಸಲ ಆಡಿಸಿದ್ದಾರೆ. ಅದರಲ್ಲಿ ಎರಡು ಸಲ ಬೀಜ ಸರಿಯಾಗಿ ಒಣಗದೆ ಎಣ್ಣೆ ಕಮ್ಮಿ ಬಂತು. ಮೋಟಾರು ರಿಪೇರಿ ಇವರಿಗೆ ಬರಲ್ಲ, ಅದಕ್ಕೆ ತಾಲ್ಲೂಕಿನಿಂದ ಮೆಕ್ಯಾನಿಕ್ ಬರಬೇಕು.' ಕೊನೇ ಎರಡು ಮಾತು ಯಾಕೆ ಅಣ್ಣ, ಮರ್ಯಾದೆ ಹೋಗುತ್ತೆ ಅಂದ ಅವನು. ಗಾಣ ಆಡಿಸಿದೋನಿಗೆ ಮಾತ್ರ ಗೊತ್ತಿರೋ ಮಾತು ಅದು ಕಣಪ್ಪ, ಸುಮ್ಮನೆ ಕೂತು ಬರೆಯೋನಿಗೆ ಹಸಿ ಬೀಜದ ವಿಷಯ ಹೊಳೆಯಲ್ಲ ಅಂದೆ. ಒಪ್ಪಿದ. ಪೇಟದ ಫೋಟೋ ತೆಗೆದು, ಗಾಣದ ಹತ್ರ ಹಿಂಡಿ ತೆಗೀತಿರೋ ಫೋಟೋ ಹಾಕಿದ್ವಿ.

ಅಳಿಯನ ಪರಿಚಯದಲ್ಲಿ 'ಊರಲ್ಲಿ ಇರಲ್ಲ, ಪತ್ರ ವ್ಯವಹಾರ ಮತ್ತು ಎಣ್ಣೆ ಕಳಿಸೋದು ಇವರ ಕೆಲಸ' ಅಂತ ಹಾಕಿ ಅವನ ಫೋನ್ ನಂಬರ್ ಒಂದನ್ನೇ ಕೊಟ್ವಿ. ಹೆಣ್ಣುಮಕ್ಕಳ ನಂಬರು, ಆಧಾರು, ಪಹಣಿ ಇದ್ಯಾವುದೂ ಪುಟಕ್ಕೆ ಹಾಕಬೇಡಿ. ನಂಬಿಕೆ ಬರಲಿ ಅಂತ ಕೆಲವರು ಹಾಕ್ತಾರೆ, ಅದು ಇನ್ಯಾರದೋ ಕೈಗೆ ಸಿಗುತ್ತೆ. ಅದರ ಬದಲು ನಮ್ಮ ಎಣ್ಣೆ ಡಬ್ಬಿ ಮೇಲಿರೋ ಎಫ್‌ಎಸ್‌ಎಸ್‌ಎಐ 14 ಅಂಕಿ ನಂಬರ್ ಹಾಕಿದ್ವಿ. ಅದನ್ನ ಯಾರು ಬೇಕಾದ್ರೂ ಅವರ ವೆಬ್‌ಸೈಟಲ್ಲಿ ಹೊಡೆದು ನೋಡಬಹುದು.

ಅಳಿಯ ಹಿಂದೆಮುಂದೆ ನೋಡಿದ್ದು ಇನ್ನೊಂದು ಸಾಲಿಗೆ: 'ನಾಲ್ವರಲ್ಲಿ ಮೂರು ಜನ ಒಂದೇ ಸಂಬಂಧ.' ಅವರಾಗೇ ಕಂಡುಹಿಡಿದ್ರೆ ಮುಚ್ಚಿಟ್ಟರು ಅಂತಾರೆ. ನಾವೇ ಹೇಳಿ, ಅದಕ್ಕೇ ಖಾತೆಯ ಎರಡನೇ ಸಹಿ ಸಂಬಂಧ ಇಲ್ಲದ ಒಬ್ಬ ನಿವೃತ್ತ ಮೇಷ್ಟ್ರದ್ದು ಅಂತ ಬರೆದ್ವಿ. ಈ ಸಲ ಅವರನ್ನ ಕೇಳಿ, ಓದಿಸಿ, ಹೂಂ ಅನ್ನಿಸಿಕೊಂಡೇ ಹಾಕಿದ್ದು.

ಉಳಿದಿದ್ದು ನನ್ನದು. 2016ರಲ್ಲಿ ಕಡ್ಲೆಕಾಯಿ ಬಿಡಿಸೋ ಯಂತ್ರ ತರೋಕೆ ಹನ್ನೊಂದು ಮನೆಯಿಂದ ತಲಾ 5,000 ಎತ್ತಿದ್ದು ನಿಮಗೆ ನೆನಪಿರಬೇಕು. ದುಡ್ಡು ನನ್ನ ಹತ್ರ ಇತ್ತು. ಲೆಕ್ಕ ಬಿಡಿ ಚೀಟಿಗಳಲ್ಲಿ ಇಟ್ಟೆ. ಎರಡನೇ ವರ್ಷ ಯಂತ್ರ ಕೆಟ್ಟಾಗ ಎಲ್ಲರೂ ಲೆಕ್ಕ ಕೇಳಿದ್ರು. 9,000 ರೂಪಾಯಿಗೆ ನನ್ನ ಹತ್ರ ಬಿಲ್ಲಿಲ್ಲ. ತಿಂದಿರಲಿಲ್ಲ, ಆದ್ರೆ ತೋರಿಸೋಕೆ ಏನೂ ಇಲ್ಲ. ಕೈಯಿಂದ ಕಟ್ಟಿಕೊಟ್ಟೆ. ಎರಡು ಮನೆಯವರು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ.

ಅಳಿಯ 'ಮಾವ, ಅದನ್ನ ಹಾಕಿದ್ರೆ ಯಾರು ಕೊಡ್ತಾರೆ' ಅಂದ. ಅತ್ತಿಗೆ ಬೇರೆ ಥರ ನೋಡಿದ್ರು. 'ಬರೀರಿ. ಆದ್ರೆ ಅದರ ಪಕ್ಕದಲ್ಲಿ ಈಗ ಏನು ಬದಲಾಗಿದೆ ಅಂತಾನೂ ಇರಬೇಕು. ಇಲ್ದಿದ್ರೆ ಬರೀ ಗೋಳು ಆಗುತ್ತೆ' ಅಂದ್ರು. ಅವರು ಒಂಬತ್ತು ವರ್ಷದಿಂದ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯೋರು. ಹಾಗಾಗಿ ನನ್ನ ಪರಿಚಯ ಹಿಂಗೆ ಮುಗೀತು: '2016ರಲ್ಲಿ ಊರಿನವರ ಹಣ ಹಿಡಿದು 9,000 ರೂಪಾಯಿಗೆ ಲೆಕ್ಕ ಕೊಡಲಾಗದೆ ಸ್ವಂತ ಕೈಯಿಂದ ಕಟ್ಟಿದೆ. ಅದಕ್ಕೇ ಈ ಸಲ ಹಣ ನನ್ನ ಹತ್ರ ಇರಲ್ಲ. ಬೀಜ ಕೊಳ್ಳೋದು, ಒಣಗಿಸೋದು ನನ್ನ ಕೆಲಸ.' ಅದರ ಕೆಳಗೆ ಅತ್ತಿಗೆದು: 'ಹಣ ನನ್ನ ಜವಾಬ್ದಾರಿ. ಪ್ರತಿ ತಿಂಗಳು 5ನೇ ತಾರೀಕು ಪುಸ್ತಕದ ಪುಟದ ಫೋಟೋ ಹಾಕ್ತೀನಿ.' ಈ ಮಾತು ಕೊಟ್ಟ ಮೇಲೆ ಒಂದು ತಿಂಗಳು ತಪ್ಪಿದ್ರೂ ಪರಿಚಯ ಪೂರ್ತಿ ಸುಳ್ಳಾಗುತ್ತೆ, ಅದಕ್ಕೆ ಆಗೋದನ್ನ ಮಾತ್ರ ಬರೀಬೇಕು. ವಾರಕ್ಕೊಮ್ಮೆ ಅಂತ ಅಳಿಯ ಹೇಳಿದ್ದನ್ನ ಅತ್ತಿಗೆನೇ ಹೊಡೆದು ಹಾಕಿದ್ರು.

ಎಲ್ಲಾ ದುಡ್ಡು ಬಂತು ಅಂತ ತಿಳ್ಕೋಬೇಡಿ. ಮುಗಿಯೋ ಹೊತ್ತಿಗೆ 3,12,000 ಬಂತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಾವು ಮುಖ ನೋಡದೇ ಇರೋರು ಕೊಟ್ಟಿದ್ದು. ಗಾಣಕ್ಕೆ, ಮೋಟಾರಿಗೆ ಸಾಕಾಯ್ತು. ಶೆಡ್ಡಿನ ಬದಲು ಸದ್ಯಕ್ಕೆ ಅತ್ತಿಗೆ ಮನೆ ಹಿಂದಿನ ದನದ ಕೊಟ್ಟಿಗೆ ಸರಿ ಮಾಡ್ತಿದ್ದೀವಿ. ಹಂಗಂತ ಪುಟದಲ್ಲೂ ಬರೆದು ಹಾಕಿದ್ವಿ.

ಮೈಸೂರಿನ ಅಮ್ಮ 2,000 ಕೊಟ್ಟರು. ಮಾತಾಡದ ಎರಡು ಮನೇಲಿ ಒಂದು ಮನೆಯ ಯಜಮಾನ್ರು ದುಡ್ಡು ಕೊಡಲಿಲ್ಲ. ಆದ್ರೆ ನನ್ನ ಪರಿಚಯದ ಕೆಳಗೆ ಒಂದು ಸಾಲು ಬರೆದಿದ್ರು: '9,000 ಅಲ್ಲ, 9,400.' ಹಳೇ ಚೀಟಿ ಹುಡುಕಿದೆ. ಅವರು ಹೇಳಿದ್ದೇ ಸರಿ. ಅಳಿಯನಿಗೆ ಫೋನ್ ಮಾಡಿ ಆವತ್ತೇ ತಿದ್ದಿಸಿದೆ.